ಪದಚರ್ಚೆ: ‘ಡಬಲ್ ಕ್ಲೆನ್ಸಿಂಗ್’ ಅಂದರೆ ‘ಎರಡು ಸಲ ತೊಳೆ’ ಅಂತಲೇ?

ಬಳಗದ ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ನನ್ನದೊಂದು ಚಿಕ್ಕ ಬ್ಯೂಟಿ ಪಾರ್ಲರ್ ಇದೆ. ಮದುವೆ ಮೇಕಪ್ ಮಾಡಿಸಿಕೊಂಡವರಿಗೆ, ಮನೆಗೆ ಹೋದಮೇಲೆ ಅದನ್ನು ತೆಗೆಯುವುದು ಹೇಗೆ ಅಂತ ಒಂದು ಚೀಟಿ ಬರೆದು ಕೊಡುತ್ತೇನೆ. ಡಬಲ್ ಕ್ಲೆನ್ಸಿಂಗ್ ಅನ್ನುವುದನ್ನು ಅದರಲ್ಲಿ ‘ಮುಖವನ್ನು ಎರಡು ಸಲ ತೊಳೆಯಿರಿ’ ಅಂತ ಬರೆದಿದ್ದೆ. ಕಳೆದ ತಿಂಗಳು ಒಬ್ಬ ಮದುಮಗಳು ಮೂರನೇ ದಿನ ವಾಪಸ್ ಬಂದಳು. ಕೆನ್ನೆ ಕೆಂಪಗಾಗಿತ್ತು, ಮೂಗಿನ ಪಕ್ಕ ಹೊಟ್ಟು ಎದ್ದಿತ್ತು. ಆದರೆ ರೆಪ್ಪೆಯ ಬುಡದಲ್ಲಿ ಮಸ್ಕರಾ ಮಾತ್ರ ಕಪ್ಪಗೆ ಹಾಗೇ ಕೂತಿತ್ತು. ಕೇಳಿದರೆ, “ಅಕ್ಕಾ, ನೀವೇ ಬರೆದಿದ್ರಲ್ಲ, ಫೇಸ್‌ವಾಶ್ ಹಚ್ಚಿ ಎರಡೆರಡು ಸಲ ತಿಕ್ಕೀನಿ” ಅಂದಳು.

ಅವಳದೇನೂ ತಪ್ಪಿಲ್ಲ, ನಾನು ಬರೆದದ್ದನ್ನೇ ಮಾಡಿದ್ದಾಳೆ. ಮೊದಲನೆಯ ಸಲ ಎಣ್ಣೆಯ ಕ್ಲೆನ್ಸರ್, ಎರಡನೆಯ ಸಲ ಫೇಸ್‌ವಾಶ್ ಅನ್ನುವುದು ನನ್ನ ಮಾತಿನಲ್ಲಿ ಇರಲೇ ಇಲ್ಲ. ವಾಟರ್‌ಪ್ರೂಫ್ ಮಸ್ಕರಾದಲ್ಲಿ ಮೇಣ ಇರುತ್ತದೆ, ಒಣಗಿದಮೇಲೆ ಪೊರೆಯ ಹಾಗೆ ಹಿಡಿಯುತ್ತದೆ. ನೀರಿಗೆ ಜಗ್ಗಬಾರದು ಅಂತಲೇ ಮಾಡಿದ್ದು ಅದು. ಎಷ್ಟು ಸಲ ಫೇಸ್‌ವಾಶ್ ಹಾಕಿ ತಿಕ್ಕಿದರೂ ಚರ್ಮ ಒಣಗುತ್ತದೆಯೇ ಹೊರತು ಮೇಣ ಸರಿಯಾಗಿ ಬಿಡುವುದಿಲ್ಲ.

ನನಗೆ ಎರಡು ಮಾತು ಬೇಕು. ಒಂದು, ಈ ಇಡೀ ಕೆಲಸಕ್ಕೆ. ಇನ್ನೊಂದು, ಎಣ್ಣೆ ಹಚ್ಚಿದ ಮುಖಕ್ಕೆ ಒದ್ದೆ ಕೈ ಆಡಿಸಿದಾಗ ಆ ಎಣ್ಣೆ ಬೆಳ್ಳಗೆ ತಿರುಗುತ್ತದಲ್ಲ, ಆ ಗಳಿಗೆಗೆ. ಜನ ತಪ್ಪುವುದು ಜಾಸ್ತಿ ಅಲ್ಲೇ.

ಕೊಪ್ಪಳದಿಂದ, ನಿವೃತ್ತ ಮೇಷ್ಟ್ರೊಬ್ಬರು

‘ಇಮ್ಮಡಿ ತೊಳೆತ’ ಅನ್ನಬಹುದು. ಇದರಲ್ಲಿ ಹೊಸದೇನೂ ಕಾಣಲಿಲ್ಲ ತಾಯಿ. ಎಣ್ಣೆ ಹಚ್ಚಿ ಆಮೇಲೆ ಕಡ್ಲೆಹಿಟ್ಟಿನಿಂದ ತಿಕ್ಕಿ ಎರೆದುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಇದೆ. ಸೈಕಲ್ ಚೈನಿನ ಗ್ರೀಸ್ ಕೈಗೆ ಹತ್ತಿದರೂ ಮೊದಲು ಎಣ್ಣೆ, ಆಮೇಲೆ ಸೋಪು. ಮನೆಯ ಕೊಬ್ಬರಿ ಎಣ್ಣೆಯಲ್ಲೇ ಆಗುವ ಕೆಲಸಕ್ಕೆ ಬಾಟಲಿ ಯಾಕೆ?

ರಾಯಚೂರಿನಿಂದ

ಮೇಡಂ, ನನ್ನದು ಜಿಡ್ಡು ಮುಖ. ಎಣ್ಣೆ ಹಚ್ಚಿದರೆ ಮೊಡವೆ ಏಳುತ್ತದೆ. ದಿನಾ ಸ್ಕೂಟಿಯಲ್ಲಿ ಆಫೀಸಿಗೆ ಹೋಗುತ್ತೇನೆ, ಬೆಳಿಗ್ಗೆ ಸನ್‌ಸ್ಕ್ರೀನ್ ಬಿಟ್ಟರೆ ಬೇರೇನೂ ಹಚ್ಚುವುದಿಲ್ಲ. ನಾನೂ ಎಣ್ಣೆಯಿಂದಲೇ ತೊಳೆಯಬೇಕಾ? ನಮ್ಮದು ಬೋರ್‌ವೆಲ್ಲಿನ ಸವುಳು ನೀರು, ಸೋಪು ಹಾಕಿದರೆ ನೊರೆಯೂ ಬರುವುದಿಲ್ಲ, ಮುಖ ಅಂಟಂಟು.

ಗಂಗಾವತಿಯಿಂದ, ಸೋಪು ಮತ್ತು ಕ್ರೀಮು ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು

ಮೇಷ್ಟ್ರ ಮಾತು ಅರ್ಧ ಸರಿ. ಜಿಡ್ಡನ್ನು ಬಿಡಿಸುವ ಶಕ್ತಿ ಎಣ್ಣೆಗಿದೆ, ಅದು ನಿಜ. ಆದರೆ ಕೊಬ್ಬರಿ ಎಣ್ಣೆ ಕರಗಿಸಿದ ಮೇಣವನ್ನೂ ಹಿಡಿದುಕೊಂಡು ಮುಖದ ಮೇಲೇ ಕೂರುತ್ತದೆ. ನೀರು ಸುರಿದರೆ ಜಾರಿಹೋಗುವುದಿಲ್ಲ, ಬಟ್ಟೆಯಿಂದ ಒರೆಸಲೇಬೇಕು. ಬಾಟಲಿಯ ಕ್ಲೆನ್ಸರಿನಲ್ಲಿ ಎಣ್ಣೆಯನ್ನೂ ನೀರನ್ನೂ ಬೆಸೆಯುವ ವಸ್ತು ಸೇರಿರುತ್ತದೆ. ಒದ್ದೆ ಕೈ ತಾಗಿದೊಡನೆ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ಹರಡುತ್ತದೆ, ಅದಕ್ಕೇ ಬೆಳ್ಳಗೆ ಕಾಣುವುದು. ಆಗ ತೊಳೆದರೆ ಕೊಳೆಯ ಸಮೇತ ಹೋಗುತ್ತದೆ. ಮೊಡವೆ ಬರುವವರಿಗೆ ಕೊಬ್ಬರಿ ಎಣ್ಣೆ ರಂಧ್ರ ಕಟ್ಟುವುದೂ ಉಂಟು.

ರಾಯಚೂರಿನವರಿಗೆ: ನಿಮ್ಮ ಟ್ಯೂಬಿನ ಮೇಲೆ ‘ವಾಟರ್ ರೆಸಿಸ್ಟೆಂಟ್’ ಅಂತ ಇದೆಯೇ, ಮೊದಲು ನೋಡಿ. ಇಲ್ಲದಿದ್ದರೆ ಮೃದುವಾದ ಫೇಸ್‌ವಾಶ್ ಹಚ್ಚಿ ಒಂದು ನಿಮಿಷ ನಿಧಾನವಾಗಿ ಕೈಯಾಡಿಸಿ ತೊಳೆದರೆ ಸಾಮಾನ್ಯವಾಗಿ ಸಾಕು. ಇದ್ದರೆ, ಅಥವಾ ಮಧ್ಯಾಹ್ನ ಮತ್ತೆ ಮತ್ತೆ ಹಚ್ಚಿ ಪದರ ದಪ್ಪ ಆಗಿದ್ದರೆ, ಆ ರಾತ್ರಿ ಎಣ್ಣೆ ಕ್ಲೆನ್ಸರ್ ಬಳಸಿ. ತೊಳೆದಮೇಲೆ ಟವೆಲ್ ಮುಟ್ಟುವ ಮೊದಲು ಕನ್ನಡಿ ನೋಡಿ. ಹಣೆಯ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ನಿಂತರೆ ಪೊರೆ ಇನ್ನೂ ಇದೆ ಅಂತ ಅರ್ಥ. ಅದು ಸನ್‌ಸ್ಕ್ರೀನ್ ಇರಬಹುದು, ಸರಿಯಾಗಿ ತೊಳೆಯದ ಎಣ್ಣೆಯೂ ಇರಬಹುದು.

ನಿಮ್ಮ ಅಂಟಂಟಿಗೆ ಕಾರಣ ಸನ್‌ಸ್ಕ್ರೀನ್ ಆಗಿರಲಿಕ್ಕಿಲ್ಲ. ಗಡಸು ನೀರಿನ ಸುಣ್ಣದ ಅಂಶದ ಜೊತೆ ಸೋಪು ಸೇರಿ ಕರಗದ ಕಿಟ್ಟ ಆಗುತ್ತದೆ, ಬಕೆಟ್ಟಿನ ಒಳಗೆ ಹತ್ತಿಕೊಳ್ಳುವ ಬಿಳಿ ಪಟ್ಟಿಯಂಥದ್ದೇ. ಸೋಪು ಬಿಟ್ಟು ಸೋಪಲ್ಲದ ಫೇಸ್‌ವಾಶ್ ಹಿಡಿದು ನೋಡಿ.

ಬಳ್ಳಾರಿಯಿಂದ, ಬಯಲಾಟದ ಮನೆಯವರು

ನಮ್ಮ ತಂದೆ ಬಯಲಾಟದಲ್ಲಿ ವೇಷ ಹಾಕುತ್ತಿದ್ದರು. ಆಟ ಮುಗಿದು ಬೆಳಗಾದಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಪಂಚೆಯ ತುಂಡಿನಿಂದ ಒರೆಸುತ್ತಿದ್ದರು. ಆ ಬಟ್ಟೆಯ ಮೇಲೆ ಕೆಂಪು, ಹಳದಿ, ಕಾಡಿಗೆ ಎಲ್ಲ ಕಲೆಸಿ ಮಣ್ಣಿನ ಬಣ್ಣ ಆಗಿರುತ್ತಿತ್ತು. ಆಮೇಲೇ ಮುಖಕ್ಕೆ ನೀರು. ನಮ್ಮ ಮನೆಯಲ್ಲಿ ಮೊದಲನೆಯದಕ್ಕೆ ‘ತೊಳೆಯುವುದು’ ಅಂತ ಯಾರೂ ಅಂದದ್ದಿಲ್ಲ, ‘ಬಣ್ಣ ಬಿಡಿಸುವುದು’ ಅನ್ನುತ್ತಿದ್ದೆವು. ನಿಮಗೆ ಬೇಕಾದ ಮಾತು ಅದೇ ಇರಬೇಕು.

ಮತ್ತೆ ನಾನು

‘ಬಿಡಿಸು’ ಅನ್ನುವುದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಅಂಟಿದ್ದನ್ನು ಬಿಡಿಸುತ್ತೇವೆ, ಕೊಳೆಯನ್ನು ತೊಳೆಯುತ್ತೇವೆ. ‘ಇಮ್ಮಡಿ’ ಅಂದರೆ ಮತ್ತೆ ಎಣಿಕೆಗೇ ಹೋಗುತ್ತದೆ ಮೇಷ್ಟ್ರೇ, ಆ ಹುಡುಗಿಯ ಕೆನ್ನೆ ಉರಿದದ್ದು ಎಣಿಕೆಯಿಂದಲೇ. ಹಾಗಾಗಿ ‘ಬಿಡಿಸಿ ತೊಳೆಯುವುದು’ ಅಂತ ಇಡುತ್ತೇನೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಬಿಡಿಸಲು ಏನೂ ಇಲ್ಲದ ದಿನ ಸುಮ್ನೆ ತೊಳೆದರೆ ಆಯಿತು ಅಂತ ಮಾತೇ ಹೇಳುತ್ತದೆ. ಬೆಳಿಗ್ಗೆ ಎದ್ದ ಮುಖಕ್ಕೆ ಎಣ್ಣೆ ಕ್ಲೆನ್ಸರ್ ಯಾಕೆ, ಅಲ್ವಾ?

ಆ ಹುಡುಗಿಯ ಕೆಂಪು ಇಳಿಯುವವರೆಗೆ ಕೆನ್ನೆಗೆ ಮಾಯಿಶ್ಚರೈಸರ್ ಬಿಟ್ಟು ಏನೂ ಹಚ್ಚಬೇಡ ಅಂದೆ. ರೆಪ್ಪೆಯನ್ನು ಮಾತ್ರ ಅಂದೇ ಬಿಡಿಸಿದೆ. ಹತ್ತಿಗೆ ಕ್ಲೆನ್ಸರ್ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಇಪ್ಪತ್ತು ಎಣಿಸುವವರೆಗೆ ಸುಮ್ಮನೆ ಇಟ್ಟೆ, ತಿಕ್ಕಲಿಲ್ಲ. ಮೆಲ್ಲಗೆ ಕೆಳಕ್ಕೆ ಎಳೆದರೆ ಹತ್ತಿಯ ಮೇಲೆ ರೆಪ್ಪೆಯ ಅಚ್ಚೇ ಕಪ್ಪಗೆ ಮೂಡಿತು. ಎಲ್ಲ ಮಸ್ಕರಾಕ್ಕೂ ಇದು ಹೊಂದುವುದಿಲ್ಲ. ‘ಟ್ಯೂಬಿಂಗ್’ ಅನ್ನುವ ಬಗೆಯದು ಬೆಚ್ಚನೆ ನೀರಿಗೇ ಎಳೆ ಎಳೆಯಾಗಿ ಕಳಚುತ್ತದೆ.

ಚೀಟಿ ಈಗ ಹೀಗಿದೆ:

“ಲೆನ್ಸ್ ಹಾಕಿದ್ದರೆ ಮೊದಲು ತೆಗೆಯಿರಿ. ಕೈಯೂ ಮುಖವೂ ಒಣಗಿರಲಿ. ಎಣ್ಣೆ ಕ್ಲೆನ್ಸರ್ ಎರಡು ಮೂರು ಪಂಪ್ ತೆಗೆದುಕೊಂಡು, ಒಂದು ನಿಮಿಷ ಮೆಲ್ಲಗೆ ಆಡಿಸಿ ಬಣ್ಣ ಬಿಡಿಸಿ. ಆಮೇಲೆ ಕೈ ಒದ್ದೆ ಮಾಡಿ ಆಡಿಸಿ, ಎಣ್ಣೆ ಹಾಲಾಗಲಿ. ಹಾಲಾದಮೇಲೆ ನೀರು ಹಾಕಿ. ಕೊನೆಗೆ ಫೇಸ್‌ವಾಶ್ ಒಂದೇ ಸಲ. ಮುಖ ಬಿಗಿದ ಹಾಗೆ ಅನಿಸಿದರೆ ಫೇಸ್‌ವಾಶ್ ಜಾಸ್ತಿ ಆಯಿತು ಅಂತ ತಿಳಿಯಿರಿ.”

‘ಒಣಗಿರಲಿ’ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಮುಖ ಮೊದಲೇ ಒದ್ದೆಯಾಗಿದ್ದರೆ ಎಣ್ಣೆ ಹಚ್ಚಿದ ಕೂಡಲೇ ಬೆಳ್ಳಗಾಗಿಬಿಡುತ್ತದೆ, ಮೇಣಕ್ಕೆ ಮುಟ್ಟುವುದೇ ಇಲ್ಲ.

‘ಹಾಲಾಗು’ ಬಗ್ಗೆ ಮಾತ್ರ ನನಗೆ ಇನ್ನೂ ಅನುಮಾನ. ನನ್ನ ಸಹಾಯಕಿ ‘ಎಣ್ಣೆ ಒಡೆಯಿತು’ ಅನ್ನುತ್ತಾಳೆ. ಹಾಲು ಒಡೆದರೆ ನೀರು ಬೇರೆ, ಗಸಿ ಬೇರೆ ಆಗುತ್ತದೆ. ಇಲ್ಲಿ ಆಗುವುದು ಬೆರೆಯುವುದು, ಹಾಗಾಗಿ ನಾನು ಒಪ್ಪಲಿಲ್ಲ. ಆದರೆ ಬಂದವರಲ್ಲಿ ಇಬ್ಬರು ‘ಹಾಲಾಗಲಿ’ ಅನ್ನುವುದನ್ನು ಓದಿ, ಮುಖಕ್ಕೆ ಹಾಲು ಹಾಕಬೇಕಾ ಅಂತ ಕೇಳಿದರು. ‘ಬೆಳ್ಳಗಾಗಲಿ’ ಅಂತ ಬರೆದರೆ ಮುಖ ಬೆಳ್ಳಗಾಗುತ್ತದೆ ಅಂದುಕೊಳ್ಳುವ ಭಯ. ನಿಮ್ಮ ಮನೆಯವರಿಗೆ ಈ ಚೀಟಿ ಓದಿ ಹೇಳಿ, ಆ ಸಾಲಿನಲ್ಲಿ ಅವರಿಗೆ ಏನು ತಿಳಿಯಿತು ಅಂತ ಬರೆಯುತ್ತೀರಾ?