ಕಾನ್ಫರೆನ್ಸ್ ಪೇಪರನ್ನು ಜರ್ನಲ್‌ಗೆ ಬೆಳೆಸಿದವರು ಏನೇನು ಸೇರಿಸಿದಿರಿ?

ಗದ್ದೆಬದು: ಭತ್ತದ ಎಲೆರೋಗ ಗುರುತಿಸುವ ನನ್ನ ಆರು ಪುಟದ ಕಾನ್ಫರೆನ್ಸ್ ಪೇಪರನ್ನು ಜರ್ನಲ್‌ಗೆ ಕಳಿಸಬೇಕು. ಕರಡಿಗೆ ಸಾಫ್ಟ್‌ವೇರ್‌ನಲ್ಲಿ ಸಿಮಿಲಾರಿಟಿ ಶೇ. 43 ಬಂದಿದೆ, ಅದರಲ್ಲಿ 31 ನನ್ನದೇ ಹಳೇ ಪೇಪರಿನದು. ಏನು ಸೇರಿಸಲಿ, ಎಷ್ಟು ತಿದ್ದಲಿ?

ರಾತ್ರಿಪಾಳಿ: ಗಾಬರಿ ಬೇಡ. ಹಳೇ ವಾಕ್ಯ ಒಂದೂ ಉಳಿಸಬೇಡಿ, ಅಷ್ಟೇ. ನಾನು ಪರಿಚಯದಿಂದ ಹಿಡಿದು ಕೊನೇವರೆಗೆ ಸಾಲು ಸಾಲಾಗಿ ಪದ ಬದಲಿಸಿದೆ, ಸಿಮಿಲಾರಿಟಿ 11ಕ್ಕೆ ಇಳಿಯಿತು, ಪೇಪರ್ ಅಚ್ಚಾಯಿತು. ಶೇ. 30 ಹೊಸದಿರಬೇಕು ಅನ್ನೋದು ಎಲ್ಲ ಕಡೆ ನಿಯಮ. ಎರಡು ಗ್ರಾಫ್ ಜಾಸ್ತಿ ಹಾಕಿದರೆ ಅದೂ ಮುಗಿಯಿತು.

ಮಂಡಿಪೇಟೆ: ಎಲ್ಲ ಕಡೆ 30 ಇಲ್ಲ ಸ್ವಾಮಿ. ಎಸಿಎಂ ಕನಿಷ್ಠ 25 ಅನ್ನುತ್ತದೆ, ಕೆಲವು ಜರ್ನಲ್ 30 ಅನ್ನುತ್ತವೆ. ಹಳೇ ಪೇಪರನ್ನು ಉಲ್ಲೇಖಿಸಿ, ಹೊಸದೇನು ಅಂತ ಬಾಯಿಬಿಟ್ಟು ಹೇಳಿ ಅನ್ನೋದು ಮಾತ್ರ ಎಲ್ಲರ ಬೇಡಿಕೆ. ಪದ ಬದಲಿಸಿದರೆ ಸಾಫ್ಟ್‌ವೇರ್ ಸುಮ್ಮನಾಗಬಹುದು, ರಿವ್ಯೂವರ್ ಎರಡೂ ಪೇಪರನ್ನು ಪಕ್ಕಪಕ್ಕ ತೆರೆದು ಕೂತಿರುತ್ತಾರೆ.

ನನ್ನದು ಅಡಿಕೆ. ರಾಶಿ, ಬೆಟ್ಟೆ, ಗೊರಬಲು ಮೂರನ್ನೂ ಫೋಟೋದಿಂದ ಬೇರೆ ಮಾಡೋದು. ಕಾನ್ಫರೆನ್ಸ್ ಪೇಪರಿನಲ್ಲಿ ಒಂದೇ ಮಂಡಿಯ ಮಾಲು, ನಿಖರತೆ 94. ಜರ್ನಲ್‌ಗೆ ನೆಟ್‌ವರ್ಕನ್ನು ಮುಟ್ಟಲೇ ಇಲ್ಲ. ಬೇರೆ ಮಂಡಿಗೆ ಹೋಗಿ, ಬೇರೆ ಮೊಬೈಲಿನಲ್ಲಿ ಫೋಟೋ ತೆಗೆದು, ಹಳೇ ಮಾಡೆಲ್ಲಿಗೇ ಕೊಟ್ಟೆ. 78ಕ್ಕೆ ಬಿತ್ತು. ಯಾಕೆ ಅಂತ ಕೆದಕಿದಾಗ ಗೊತ್ತಾಯಿತು, ಹಳದಿ ಬಲ್ಬಿನ ಕೆಳಗೆ ತೆಗೆದ ಗೊರಬಲನ್ನೆಲ್ಲ ಅದು ಬೆಟ್ಟೆ ಅನ್ನುತ್ತಿತ್ತು. ಬಣ್ಣ ಸರಿಪಡಿಸುವ ಒಂದು ಹಂತ ಮುಂದಿಟ್ಟೆ, 87ಕ್ಕೆ ಬಂತು. ಆ ಹಂತ ತೆಗೆದರೆ ಏನಾಗುತ್ತೆ ಅಂತಲೂ ತೋರಿಸಿದೆ. ಬಿದ್ದಿದ್ದು, ಯಾಕೆ ಬಿತ್ತು ಅನ್ನೋದು, ಎದ್ದಿದ್ದು, ಪೇಪರಿನ ಅರ್ಧ ಅದೇ ಆಯಿತು.

ವಿಂಗಡಣೆಗೆ ಇಬ್ಬರು ಅನುಭವಿಗಳಿಗೆ ದಿನಕ್ಕೆ ತಲಾ 900 ಕೂಲಿ, ಊಟ ಬೇರೆ. ಇಬ್ಬರಿಗೂ ಒಮ್ಮತ ಬರದ ಫೋಟೋ ಪಕ್ಕಕ್ಕಿಟ್ಟೆವು, ಅದಕ್ಕೂ ಕೂಲಿ ಕೊಟ್ಟಿದ್ದೇ. ಯೂನಿವರ್ಸಿಟಿ ಒಂದು ಪೈಸೆ ಬಿಚ್ಚಲಿಲ್ಲ.

ಹಳೇ ವಿಧಾನಕ್ಕೆ ಒಂದು ಪ್ಯಾರಾ ಮತ್ತು ಉಲ್ಲೇಖ ಸಾಕಾಯಿತು. ನೆಟ್‌ವರ್ಕಿನ ಪದರಗಳ ಪಟ್ಟಿ ಉಳಿಸಿದೆ, ಅದಿಲ್ಲದೆ ಓದುವವರಿಗೆ ಅರ್ಥವಾಗಲ್ಲ. ಸೂತ್ರ, ಕ್ಯಾಮೆರಾ ವಿವರವನ್ನೂ ತಿದ್ದದೆ ಹಾಗೇ ಉಳಿಸಿದೆ. ಕವರ್ ಲೆಟರಿನಲ್ಲಿ ಯಾವ ಭಾಗ ಹಳೇದು, ಯಾವುದು ತಿದ್ದಿದ್ದು, ಯಾವುದು ಹೊಸದು ಅಂತ ಪಟ್ಟಿ ಮಾಡಿ ಹಳೇ ಪೇಪರನ್ನೂ ಲಗತ್ತಿಸಿದೆ. ಕಳಿಸುವಾಗ ಸಿಮಿಲಾರಿಟಿ 22 ಇತ್ತು. ಯಾರೂ ತಕರಾರು ಎತ್ತಲಿಲ್ಲ.

ರಾತ್ರಿಪಾಳಿ: ನಿಮಗೆ ಕೂಲಿ ಕೊಡೋಕೆ ದುಡ್ಡಿತ್ತು, ಕೊಟ್ಟಿರಿ. ಬೆಳಿಗ್ಗೆ ನಾಲ್ಕು ಕ್ಲಾಸ್ ತೆಗೆದುಕೊಂಡು ರಾತ್ರಿ ಪೇಪರ್ ಬರೆಯೋರು ಮಂಡಿ ಸುತ್ತೋಕೆ ಆಗುತ್ತಾ?

ಸೂಜಿಮಲ್ಲಿಗೆ: ಪಠ್ಯ ಬಿಡಿ, ಚಿತ್ರದ ಕಡೆ ನೋಡಿ. ನನ್ನ ಕಾನ್ಫರೆನ್ಸ್ ಒಬ್ಬ ಪ್ರಕಾಶಕರದು, ಜರ್ನಲ್ ಇನ್ನೊಬ್ಬರದು. ಕಾಪಿರೈಟ್ ಮೊದಲನೆಯವರಿಗೆ ಬರೆದುಕೊಟ್ಟಾಗಿತ್ತು. ಪೇಪರ್ ಒಪ್ಪಿಗೆಯಾದ ಮೇಲೆ ಬ್ಲಾಕ್ ಡಯಾಗ್ರಾಮಿಗೆ ಅನುಮತಿ ಪತ್ರ ತನ್ನಿ ಅಂದರು. ಹಬ್ಬದ ರಜೆ, ಯಾರೂ ಮೇಲ್ ನೋಡಲಿಲ್ಲ, ನನ್ನ ಥೀಸಿಸ್ ಸಲ್ಲಿಕೆ ಮುಂದಕ್ಕೆ ಹೋಗಿ ಒಂದು ಸೆಮಿಸ್ಟರ್ ಫೀಸು ಮತ್ತೆ ಕಟ್ಟಿದೆ. ನಾನೇ ಬಿಡಿಸಿದ ಚಿತ್ರಕ್ಕೆ ನಾನೇ ಕೈಮುಗಿಯಬೇಕಾ? ಹೊಸದಾಗಿ ಬಿಡಿಸಿಬಿಡಿ.

ಮಂಡಿಪೇಟೆ: ಬಣ್ಣ ಬದಲಿಸಿ ಬಿಡಿಸಿದರೂ ಹಳೇ ಚಿತ್ರವನ್ನು ಆಧರಿಸಿದ್ದು ಅಂತ ಹೇಳಲೇಬೇಕು ಮೇಡಂ.

ಸೂಜಿಮಲ್ಲಿಗೆ: ಫೀಸು ನೀವು ಕಟ್ಟುತ್ತೀರಾ?

ನಿಯಮಪಾಲಕ: 43 ಅಂದರೆ ಯುಜಿಸಿ 2018ರ ನಿಯಮದಲ್ಲಿ ಎರಡನೇ ಹಂತ! ಪೇಪರ್ ವಾಪಸ್, ಇನ್‌ಕ್ರಿಮೆಂಟ್ ಕಟ್. 10ಕ್ಕಿಂತ ಕೆಳಗೆ ತನ್ನಿ, ಬೇರೆ ಮಾತಿಲ್ಲ.

ಮಂಡಿಪೇಟೆ: ಮಕ್ಕಳನ್ನು ಹೆದರಿಸಬೇಡಿ ಸಾರ್. ಗ್ರಂಥಸೂಚಿ, ಸಮೀಕರಣ, ಸತತ 14 ಪದದವರೆಗಿನ ಸಾಮಾನ್ಯ ಮಾತು, ಇವನ್ನೆಲ್ಲ ಲೆಕ್ಕದಿಂದ ಬಿಡಿ ಅಂತ ಅದೇ ನಿಯಮದಲ್ಲಿದೆ. ಗದ್ದೆಬದು, ನಿಮ್ಮ ರಿಪೋರ್ಟಿನಲ್ಲಿ ಗ್ರಂಥಸೂಚಿ ತೆಗೆದು ಇನ್ನೊಮ್ಮೆ ನೋಡಿ. ಆರ್ಕೈವ್‌ನಲ್ಲಿ ಈ ಕರಡನ್ನೇ ಹಾಕಿದ್ದರೆ ಅದೂ ಸೇರಿರುತ್ತದೆ.

ನಿಯಮಪಾಲಕ: ನಿಯಮ ನಾನೂ ಓದಿದ್ದೇನೆ. ನಮ್ಮ ಕಮಿಟಿ ಮೊದಲ ಪುಟದ ಅಂಕಿ ಬಿಟ್ಟು ಬೇರೇನೂ ನೋಡಲ್ಲ.

ಗದ್ದೆಬದು: ಗ್ರಂಥಸೂಚಿ ತೆಗೆದೆ, 34 ಆಯಿತು. ಹಳೇ ಪೇಪರಿನದು ಈಗಲೂ 29. ಬೇರೆ ಜಿಲ್ಲೆಯ ಎಲೆಯ ಫೋಟೋ ಸಿಗುತ್ತೆ, ಆದರೆ ಅದನ್ನು ತೆಗೆಸಿದವರು ಲೇಖಕರ ಪಟ್ಟಿಯಲ್ಲಿ ಹೆಸರು ಕೇಳುತ್ತಿದ್ದಾರೆ. ಕಾನ್ಫರೆನ್ಸ್ ಪೇಪರಿನಲ್ಲಿ ಅವರಿರಲಿಲ್ಲ.

ರಾತ್ರಿಪಾಳಿ: ಕೊಡಬೇಡಿ. ಥ್ಯಾಂಕ್ಸ್ ಹೇಳಿ ಮುಗಿಸಿ.

ಸೂಜಿಮಲ್ಲಿಗೆ: ಬಿಸಿಲಲ್ಲಿ ಗದ್ದೆ ತಿರುಗಿದವರಿಗೆ ಬರೀ ಥ್ಯಾಂಕ್ಸ್, ಎಸಿ ರೂಮಿನ ಗೈಡ್‌ಗೆ ಮಾತ್ರ ಹೆಸರು, ಅಲ್ವಾ?

ನಿಯಮಪಾಲಕ: ಗೈಡ್ ಬಗ್ಗೆ ಮಾತಾಡುವಾಗ ನಾಲಿಗೆ ಹಿಡಿತದಲ್ಲಿರಲಿ.