ಅಮೆರಿಕದ ಎಂಎಸ್: 113 ಲಕ್ಷ ಖರ್ಚಿನ ಲೆಕ್ಕ ಸರಿ ಇದೆಯಾ?

ಕೇಳಿದವರು (ಬೆಂಗಳೂರು, 25 ವರ್ಷ)

ಕೈಗೆ ಬರುವ ಸಂಬಳ ವರ್ಷಕ್ಕೆ 9 ಲಕ್ಷ. ಅಮೆರಿಕದಲ್ಲಿ ಎರಡು ವರ್ಷದ ಎಂಎಸ್‌ಗೆ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಡಾಲರ್‌ಗೆ 90 ರೂಪಾಯಿ ಹಿಡಿದು ಹೀಗೆ ಬರೆದಿದ್ದೇನೆ: ಫೀಸು 44 ಲಕ್ಷ, ಅಲ್ಲಿ ಊಟ-ಬಾಡಿಗೆ 30, ಇಲ್ಲಿ ಬಿಟ್ಟುಕೊಡುವ ಸಂಬಳ 19, ಸಾಲದ ಬಡ್ಡಿ 20. ಒಟ್ಟು 113 ಲಕ್ಷ. ಮುಂದೆ ಸಿಗುವ ಹೆಚ್ಚುವರಿ ಹಣವನ್ನು ಸಾಲದ ಬಡ್ಡಿ ದರ 11%ರಲ್ಲಿ ಇಂದಿನ ಬೆಲೆಗೆ ಇಳಿಸುತ್ತಿದ್ದೇನೆ. ಹೋಗಿ ಬಂದವರು, ಲೆಕ್ಕ ಗೊತ್ತಿರುವವರು ಹೇಳಿ, ಇದು ಸರಿಯಾ? ಇದೇ 15ರೊಳಗೆ ಡಿಪಾಸಿಟ್ ಕಟ್ಟಬೇಕು.

ತುಮಕೂರಿನಿಂದ

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕಪ್ಪ? ಅಲ್ಲಿ ಶುರುವಿಗೇ 85 ಸಾವಿರ ಡಾಲರ್ ಕೊಡುತ್ತಾರೆ. 90ರಿಂದ ಗುಣಿಸು, 76 ಲಕ್ಷ ಆಯ್ತು. ಒಂದೂವರೆ ವರ್ಷದಲ್ಲಿ ಎಲ್ಲ ತೀರುತ್ತೆ. ರೂಪಾಯಿ ಬೀಳುತ್ತಲೇ ಇದೆ, ಅದೂ ನಿನಗೇ ಲಾಭ. ನನ್ನ ಅಳಿಯ ಹಾಗೇ ಮಾಡಿದ.

ಮೈಸೂರಿನಿಂದ (ಕಂಪನಿಯೊಂದರಲ್ಲಿ ಹೂಡಿಕೆ ಲೆಕ್ಕ ನೋಡುವ ಕೆಲಸ)

ತಮ್ಮನಿಗಾಗಿ ಹೋದ ವರ್ಷ ಇದೇ ಲೆಕ್ಕ ಹಾಕಿದ್ದೆ. ಖರ್ಚಿನ ಪಟ್ಟಿಯಲ್ಲಿ ಎರಡು ಕಡೆ ಡಬಲ್ ಆಗಿದೆ.

ಮೊದಲನೆಯದು ಬಡ್ಡಿ. ಇವತ್ತು 100 ರೂಪಾಯಿ ಸಾಲ ಮಾಡಿ ವರ್ಷದ ಮೇಲೆ 111 ಕಟ್ಟುತ್ತೀರಿ ಅಂದುಕೊಳ್ಳಿ. ಆ 111ನ್ನು 11%ರಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಮತ್ತೆ 100ಕ್ಕೇ ಬಂತು, ಅಲ್ವಾ? ಅಂದರೆ 11%ರಲ್ಲಿ ಇಳಿಸಿದಾಗಲೇ ಬಡ್ಡಿ ಲೆಕ್ಕಕ್ಕೆ ಸೇರಿಹೋಗಿದೆ. ಮೇಲೆ ಇನ್ನೊಂದು 20 ಲಕ್ಷ ಬರೆಯುವಂತಿಲ್ಲ. ತೆಗೆದುಬಿಡಿ.

ಎರಡನೆಯದು ಊಟ-ಬಾಡಿಗೆ. ನೀವು ಇಲ್ಲೇ ಇದ್ದರೂ ಪಿಜಿ ಬಾಡಿಗೆ ಕಟ್ಟಬೇಕು, ಊಟ ಮಾಡಬೇಕು. ಅದು ವರ್ಷಕ್ಕೆ 4 ಲಕ್ಷ ಅಂದುಕೊಂಡರೆ, ಓದಿನ ಖರ್ಚಾಗಿ ಬರೆಯಬೇಕಾದದ್ದು 15 ಅಲ್ಲ, ಬರೀ 11. ಅಪ್ಪ-ಅಮ್ಮನ ಮನೆಯಲ್ಲೇ ಇದ್ದರೆ ಇಲ್ಲಿನ ಖರ್ಚು ಕಡಿಮೆ, ಆಗ ಓದಿನ ಖರ್ಚು ಅಷ್ಟು ಜಾಸ್ತಿ.

ಇವೆರಡನ್ನೂ ಸರಿ ಮಾಡಿದರೆ ಮೊದಲ ವರ್ಷ 42 ಲಕ್ಷ, ಎರಡನೇ ವರ್ಷ 43. ಒಟ್ಟು 85. ಖುಷಿಪಡುವುದಕ್ಕೆ ಮುಂಚೆ ಆದಾಯದ ಕಡೆಯೂ ನೋಡಿ.

ತುಮಕೂರಿನವರು ಹೇಳಿದ 76 ಲಕ್ಷ ಕೈಗೆ ಬರುವ ಹಣ ಅಲ್ಲ. ಫೆಡರಲ್ ತೆರಿಗೆ, ರಾಜ್ಯದ ತೆರಿಗೆ, ಆರೋಗ್ಯ ವಿಮೆ ಕಳೆದು ಸುಮಾರು 68 ಸಾವಿರ ಡಾಲರ್ ಉಳಿಯುತ್ತೆ. ಬಾಡಿಗೆ, ಕಾರು, ದಿನಸಿ ಅಂತ 34-35 ಸಾವಿರ ಹೋದರೆ ವರ್ಷಕ್ಕೆ ಉಳಿಯುವುದು 30 ಲಕ್ಷ ರೂಪಾಯಿ. ನೀವು ಇಲ್ಲೇ ಇದ್ದಿದ್ದರೆ ಅಷ್ಟೊತ್ತಿಗೆ ಸಂಬಳ ಏರಿ ವರ್ಷಕ್ಕೆ 7 ಲಕ್ಷ ಉಳಿಸುತ್ತಿದ್ದಿರಿ. ಹಾಗಾಗಿ ಓದಿನಿಂದ ಬಂದದ್ದು 23 ಮಾತ್ರ. ಮುಂದಿನ ವರ್ಷಗಳಿಗೆ 24, 25, 26, 27 ಅಂತ ಹಿಡಿದಿದ್ದೇನೆ. ಎಕ್ಸೆಲ್‌ನಲ್ಲಿ B2ರಿಂದ B8ರವರೆಗೆ -42, -43, 23, 24, 25, 26, 27 ಅಂತ ಬರೆದು ಇದನ್ನು ಹಾಕಿ:

```
=B2+NPV(11%,B3:B8)
```

B2 ಹೊರಗಿದೆ ನೋಡಿ. ಈ ಫಂಕ್ಷನ್ ಒಳಗೆ ಕೊಟ್ಟ ಮೊದಲ ಅಂಕಿಯನ್ನೂ ಒಂದು ವರ್ಷ ಇಳಿಸಿಬಿಡುತ್ತೆ. ಮೊದಲ ವರ್ಷದ ದುಡ್ಡನ್ನು ಇವತ್ತೇ ಕಟ್ಟುವುದು ಅಂತ ಹಿಡಿದಿದ್ದೇನೆ, ಅದಕ್ಕೇ ಹೊರಗಿಟ್ಟೆ. ಉತ್ತರ 1.8 ಲಕ್ಷ ಬರುತ್ತೆ. ಅಂದರೆ ಅಲ್ಲಿ ಐದು ವರ್ಷ ದುಡಿದರೆ ಹೆಚ್ಚುಕಡಿಮೆ ಸಮ. ಇಂದಿನ ಬೆಲೆಗೆ ಇಳಿಸದೆ ಸುಮ್ನೆ ಕೂಡಿ ಕಳೆದಿದ್ದರೆ ನಾಲ್ಕೇ ವರ್ಷಕ್ಕೆ 13 ಲಕ್ಷ ಲಾಭ ಅಂತ ತೋರಿಸುತ್ತಿತ್ತು.

ಈಗ ಅದೇ ಲೆಕ್ಕವನ್ನು ಮೂರು ವರ್ಷದ ಸಂಬಳಕ್ಕೇ ನಿಲ್ಲಿಸಿ. ಬರೋಬ್ಬರಿ 28 ಲಕ್ಷ ನಷ್ಟ.

ತುಮಕೂರಿನಿಂದ

ಮೂರಕ್ಕೇ ಯಾಕೆ ನಿಲ್ಲಿಸಬೇಕಮ್ಮ? ಹುಡುಗ ಅಲ್ಲೇ ಇರುತ್ತಾನೆ.

ಹುಬ್ಬಳ್ಳಿ, ಈಗ ಬೆಂಗಳೂರು (ಹೋಗಿ ವಾಪಸ್ ಬಂದವನು)

ಆ ಮೂರು ವರ್ಷದಲ್ಲೇ ಎಲ್ಲ ಇರೋದು ಸರ್. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಕಂಪ್ಯೂಟರ್ ಸೈನ್ಸ್‌ನಂಥ ವಿಷಯವಾದರೆ ಇನ್ನೂ 24 ತಿಂಗಳು. ಅದರಾಚೆ ಇರಬೇಕು ಅಂದರೆ ಹೆಚ್ಚಿನವರಿಗೆ ಎಚ್-1ಬಿ ಅನ್ನೋ ಕೆಲಸದ ವೀಸಾ ಬೇಕು. ವರ್ಷಕ್ಕೆ 85 ಸಾವಿರ ಜಾಗ, ಅದರಲ್ಲಿ 20 ಸಾವಿರ ಅಲ್ಲಿ ಮಾಸ್ಟರ್ಸ್ ಮಾಡಿದವರಿಗೆ. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ. ಅಕ್ಕನ ಲೆಕ್ಕದಲ್ಲಿ ನಾಲ್ಕನೇ, ಐದನೇ ವರ್ಷದ ಸಂಬಳ ಅಂತ ಇದೆಯಲ್ಲ, ಅದು ಈ ಆಯ್ಕೆಯಲ್ಲಿ ಹೆಸರು ಬಂದರಷ್ಟೇ. ನನ್ನದು ಮೂರು ಸಲವೂ ಬರಲಿಲ್ಲ.

ಇನ್ನೊಂದು ಮಾತು. ಮೂರು ವರ್ಷ ಅಂತ ಕಾಗದದಲ್ಲಿದ್ದರೂ ಪೂರ್ತಿ ಮೂರು ವರ್ಷದ ಸಂಬಳ ಕೈಗೆ ಬರಲ್ಲ. ನನಗೆ ಕೆಲಸದ ಅನುಮತಿ ಕಾರ್ಡ್ ಬಂದು ಒಪಿಟಿ ಶುರುವಾದರೂ ಕೆಲಸ ಇರಲಿಲ್ಲ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನ ಮಾತ್ರ ಕೆಲಸವಿಲ್ಲದೆ ಇರಬಹುದು. ನಾನು ಫ್ರಿಜ್ ಮೇಲೆ ಕ್ಯಾಲೆಂಡರ್ ಅಂಟಿಸಿ ದಿನಾ ಒಂದೊಂದು ಗೀಟು ಹಾಕುತ್ತಿದ್ದೆ. 71ನೇ ಗೀಟಿಗೆ ಕೆಲಸ ಸಿಕ್ಕಿತು. ಅದೂ 85 ಸಾವಿರದ್ದಲ್ಲ, 68 ಸಾವಿರದ್ದು. ಆ ಸಮಯದಲ್ಲಿ ಚೌಕಾಸಿ ಮಾಡುವ ಧೈರ್ಯ ಯಾರಿಗಿರುತ್ತೆ?

ಹಾಗಾಗಿ ಮೊದಲ ವರ್ಷದ 23ನ್ನು ಹತ್ತು-ಹನ್ನೆರಡಕ್ಕೆ ಇಳಿಸಿ ಒಂದು ಸಲ ನೋಡಿ.

ಸ್ಟುಟ್‌ಗಾರ್ಟ್‌ನಿಂದ

ಜರ್ಮನಿಗೆ ಬನ್ನಿ ಅಂತ ಹೇಳುತ್ತೇನೆ. ಇಲ್ಲಿ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ನಾನಿರುವ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ, ಅಷ್ಟೇ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ತೋರಿಸಿದ್ದೆ. ಅದು ಫೀಸಲ್ಲ, ತಿಂಗಳು ತಿಂಗಳು ನಮಗೇ ವಾಪಸ್ ಬರುವ ದುಡ್ಡು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಕೇಳಿದವರು

ಅಣ್ಣಾ, ಯಾವ ದೇಶ ಅಂತ ನಾನು ಕೇಳಿಲ್ಲ. ಆದರೂ ಥ್ಯಾಂಕ್ಸ್.

ಮೈಸೂರಿನಿಂದ

ಅವರು ಪ್ರಶ್ನೆ ತಪ್ಪಿಸಿದರೂ ಒಂದು ವಿಷಯ ಕಾಣುತ್ತೆ ನೋಡಿ. ಫೀಸು ಸೊನ್ನೆಯಾದರೂ ಬಿಟ್ಟ ಸಂಬಳ ಸೊನ್ನೆ ಆಗಲ್ಲ. ಓದು ಎರಡು ವರ್ಷದ ಬದಲು ಎರಡೂವರೆ ಆದರೆ ಅರ್ಧ ವರ್ಷದ ಸಂಬಳ, ಮೇಲೆ ಅರ್ಧ ವರ್ಷದ ಊಟ-ಬಾಡಿಗೆ ಹೆಚ್ಚಾಗುತ್ತೆ.

ಹಾಸನದಿಂದ

11% ಜಾಸ್ತಿ ಆಯ್ತು. ಓದಲಿಕ್ಕೆ ಹೋಗದಿದ್ದರೆ ಆ ದುಡ್ಡು ಎಫ್‌ಡಿಯಲ್ಲಿ ಇರುತ್ತಿತ್ತು, 7% ಬರುತ್ತಿತ್ತು. 7%ರಲ್ಲೇ ಇಳಿಸಬೇಕು. ದರ ಬದಲಾಯಿಸಿದರೆ ಉತ್ತರವೇ ಬದಲಾಗುತ್ತೆ.

ಮೈಸೂರಿನಿಂದ

ಅಪ್ಪನ ಎಫ್‌ಡಿ ಮುರಿದು ಹೋಗುವವರಿಗೆ ನಿಮ್ಮ ಮಾತು ಸರಿ. ಇವರು ಸಾಲ ಮಾಡುತ್ತಿದ್ದಾರೆ, ಹಾಗಾಗಿ ಸಾಲದ ದರವೇ. ಆದರೂ 7% ಹಾಕಿ ನೋಡಿದೆ. ಮೂರು ವರ್ಷ ದುಡಿದು ಬಂದರೆ 28ರ ಬದಲು 23 ಲಕ್ಷ ನಷ್ಟ. ನಾಲ್ಕು ವರ್ಷಕ್ಕೆ 5 ನಷ್ಟ. ಐದಕ್ಕೆ 13 ಲಾಭ. ಐದನೇ ವರ್ಷ ಬೇಕೇ ಬೇಕು ಅನ್ನುವುದು ಎರಡೂ ದರದಲ್ಲಿ ಒಂದೇ. ಇಲ್ಲಿ ದರಕ್ಕಿಂತ ವೀಸಾ ಮುಖ್ಯ.

ಕೆಲವರು 'ರಿಸ್ಕ್ ಇದೆ' ಅಂತ ದರವನ್ನೇ 18% ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ವೀಸಾ ಸಿಗುತ್ತೆ ಅಥವಾ ಇಲ್ಲ, ಅದು ವರ್ಷ ವರ್ಷ ಚೂರುಚೂರೇ ಕರಗುವ ವಸ್ತು ಅಲ್ಲ. ಎರಡು ಹಾಳೆ ಬೇರೆ ಬೇರೆ ಮಾಡಿ.

ಒಂದು ಹಾಳೆಯಲ್ಲಿ ವೀಸಾ ಸಿಕ್ಕಿ ಎಂಟು ವರ್ಷ ಅಲ್ಲಿ ದುಡಿದಿರಿ. ಅದೇ ರೀತಿ ವರ್ಷಕ್ಕೆ ಒಂದೊಂದು ಲಕ್ಷ ಏರಿಸುತ್ತಾ ಹೋದರೆ ಇಂದಿನ ಬೆಲೆಯಲ್ಲಿ 40 ಲಕ್ಷ ಲಾಭ. ಇನ್ನೊಂದರಲ್ಲಿ ಮೂರು ವರ್ಷಕ್ಕೆ ವಾಪಸ್ ಬಂದಿರಿ. ಬಂದ ಮೇಲೆ ಡಿಗ್ರಿಯಿಂದ ಏನೂ ಹೆಚ್ಚು ಸಿಗದಿದ್ದರೆ 28 ನಷ್ಟ. ಈ ಎರಡರಲ್ಲಿ ಸಮ ಆಗಬೇಕಾದರೆ ನೂರಕ್ಕೆ 41ರಷ್ಟಾದರೂ ವೀಸಾ ಸಿಗುವ ಸಾಧ್ಯತೆ ಇರಬೇಕು. ಆದರೆ ವಾಪಸ್ ಬಂದ ಮೇಲೆ ಇಲ್ಲಿ ವರ್ಷಕ್ಕೆ 4 ಲಕ್ಷ ಹೆಚ್ಚು ಸಿಕ್ಕು, ಅದು ಹತ್ತು ವರ್ಷ ಉಳಿದರೆ? ನಷ್ಟ 12-13ಕ್ಕೆ ಇಳಿಯುತ್ತೆ. ಆಗ ನೂರಕ್ಕೆ 24 ಸಾಧ್ಯತೆ ಇದ್ದರೂ ಸಾಕು.

ಎಲ್ಲರೂ ಅಮೆರಿಕದ ಸಂಬಳವನ್ನೇ ಹುಡುಕುತ್ತಾರೆ. ನಾನು ವಾಪಸ್ ಬಂದವರ ಸಂಬಳ ಹುಡುಕಿ ಅನ್ನುತ್ತೇನೆ.

ರೂಪಾಯಿ ಬೀಳುವ ಮಾತೂ ಬಂತು. ಸಾಲ ರೂಪಾಯಿಯಲ್ಲಿದ್ದು ದುಡಿಮೆ ಡಾಲರ್‌ನಲ್ಲಿದ್ದರೆ ಲಾಭ ನಿಜ, ತುಮಕೂರಿನವರು ಅಷ್ಟರಮಟ್ಟಿಗೆ ಸರಿ. ಡಾಲರ್‌ನಲ್ಲೇ ಸಾಲ ಕೊಡುವವರೂ ಇದ್ದಾರೆ. ಅಂಥ ಸಾಲ ಹೊತ್ತು ವಾಪಸ್ ಬಂದರೆ ಅದೇ ರೂಪಾಯಿ ಕುತ್ತಿಗೆಗೆ ಬರುತ್ತೆ.

ಹುಬ್ಬಳ್ಳಿ, ಈಗ ಬೆಂಗಳೂರು

ಅಕ್ಕನ ಎರಡು ಹಾಳೆಗೆ ಮೂರನೆಯದೂ ಸೇರಿಸಿ: ಕೆಲಸವೇ ಸಿಗದೆ ಬಂದವರ ಹಾಳೆ. ನನ್ನ ಬ್ಯಾಚಿನಲ್ಲಿ ಇಬ್ಬರು ಹಾಗೆ ಬಂದರು. ಅದರಲ್ಲೊಬ್ಬ ಮನೆ ಅಡ ಇಟ್ಟು 50 ಲಕ್ಷ ಸಾಲ ಮಾಡಿದ್ದ. 11%, ಹತ್ತು ವರ್ಷಕ್ಕೆ ಇಎಂಐ ತಿಂಗಳಿಗೆ 69 ಸಾವಿರ ಬರುತ್ತೆ. ಓದುವಾಗ ಕೂಡಿದ ಬಡ್ಡಿ ಬೇರೆ. ಇಲ್ಲಿ ಸಿಕ್ಕ ಸಂಬಳ ಬಹುತೇಕ ಅದಕ್ಕೇ ಹೋಗುತ್ತಿತ್ತು. ಸರಾಸರಿ ಲೆಕ್ಕದಲ್ಲಿ ಅವನೊಬ್ಬ ಶೇಕಡಾ ಇಷ್ಟು, ಆದರೆ ಆ ಮನೆಯಲ್ಲಿ ಇರುವವರು ಅವನ ಅಪ್ಪ-ಅಮ್ಮ.

ವಾಪಸ್ ಬಂದು ಇಲ್ಲಿಂದಲೇ ಮತ್ತೆ ಎಚ್-1ಬಿಗೆ ಪ್ರಯತ್ನಿಸಿದರಾಯಿತು ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂತು. ಅಲ್ಲೇ ಇದ್ದು ವಿದ್ಯಾರ್ಥಿ ಸ್ಟೇಟಸ್‌ನಿಂದ ಬದಲಾಯಿಸಿಕೊಳ್ಳುವವರಿಗೆ ಅದು ಇಲ್ಲ ಅಂತ ಆಮೇಲೆ ಸ್ಪಷ್ಟಪಡಿಸಿದರು. ಆದೇಶ ಗುರಿಯಾಗಿಸಿದ್ದೇ ಹೊರಗಿರುವವರನ್ನು.

ಕೇಳಿದವರು

ಮೊದಲ ವರ್ಷದ 23ನ್ನು 12 ಮಾಡಿ ನೋಡಿದೆ. ಐದು ವರ್ಷಕ್ಕೆ 7 ಲಕ್ಷ ನಷ್ಟ ಬಂತು, ಆರನೇ ವರ್ಷಕ್ಕೆ ಲಾಭ. ಒಂದು ಸೆಲ್ ಮಾತ್ರ ಇನ್ನೂ ಖಾಲಿ ಇದೆ: ವಾಪಸ್ ಬಂದ ಮೇಲೆ ಎಷ್ಟು ಹೆಚ್ಚು. ಹುಬ್ಬಳ್ಳಿ ಅಣ್ಣಾ, ಬೇಜಾರಿಲ್ಲದಿದ್ದರೆ ನಿಮ್ಮದು ಹೇಳ್ತೀರಾ?

ಹುಬ್ಬಳ್ಳಿ, ಈಗ ಬೆಂಗಳೂರು

ಬೇಜಾರೇನಿಲ್ಲ. ನಾನು ಹೋಗುವಾಗ 8 ಲಕ್ಷ ಇತ್ತು, ಬಂದ ಮೇಲೆ 21. ಊರಲ್ಲಿ ಎಲ್ಲರೂ 13 ಜಾಸ್ತಿ ಆಯ್ತು ಅಂದರು. ಆದರೆ ನನ್ನ ಪಕ್ಕದ ಸೀಟಿನಲ್ಲಿದ್ದವನು ಎಲ್ಲೂ ಹೋಗಲಿಲ್ಲ, ಐದು ವರ್ಷದಲ್ಲಿ ಎರಡು ಕಂಪನಿ ಬದಲಾಯಿಸಿದ. ಅವನಿಗೆ ಈಗ 18. ನಿನ್ನ ಸೆಲ್‌ಗೆ ನನ್ನಿಂದ 3 ಅಂತ ಬರೆದುಕೋ. ನನ್ನ ರೂಮ್‌ಮೇಟ್ ಚಿಪ್ ಡಿಸೈನ್ ಓದಿ ಬಂದವನು, ಅವನನ್ನು ಕೇಳಿದರೆ 9 ಅಂತಾನೆ.