ಬೀಳ್ಕೊಡುಗೆ ಭಾಷಣಕ್ಕೆ ಒಂದು ಗಾದೆ

ಬದಿಯಡ್ಕ ಸಮೀಪದ ಒಬ್ಬ ರಕ್ಷಕ ಕೇಳಿದ್ದು:
ನಮ್ಮ ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ರಕ್ಷಕ ಶಿಕ್ಷಕ ಸಂಘದ ಪರವಾಗಿ ನಾನು ಐದು ನಿಮಿಷ ಮಾತನಾಡಬೇಕು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆ ಅವರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಬರೆದು ಓದಿದಾಗ ಎಲ್ಲ ಬೀಳ್ಕೊಡುಗೆಗಳಲ್ಲೂ ಕೇಳಿದ ಹಳೆಯ ಮಾತಿನಂತೆಯೇ ಕೇಳಿಸಿತು. ಗಾದೆಯನ್ನು ಬಿಡಲು ಮನಸ್ಸಿಲ್ಲ. ಸವಕಲಾಗದಂತೆ ಹೇಳುವುದು ಹೇಗೆ? ಸಭೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಮನೆಮಾತಿನವರು ಇರುತ್ತಾರೆ.

ಮಂಜೇಶ್ವರದ ಪದವಿ ವಿದ್ಯಾರ್ಥಿ:
ಸರ್, ನಾನು ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಭಾಗವಹಿಸುತ್ತೇನೆ. ಎಲ್ಲರಿಗೂ ಗೊತ್ತಿರುವ ಗಾದೆಯನ್ನು ಬಳಸಿದರೆ ಅದು ಸವಕಲಾಗಿಯೇ ಕೇಳಿಸುತ್ತದೆ. ಯಾವುದಾದರೂ ಗಾದೆಗಳ ಸಂಗ್ರಹವನ್ನು ತೆರೆದು, ಸಭೆಯಲ್ಲಿ ಯಾರೂ ಕೇಳಿರದ ಒಂದನ್ನು ಆರಿಸಿಕೊಳ್ಳಿ. ಹೊಸದಾಗಿ ಕೇಳಿದ್ದು ಜನರ ನೆನಪಿನಲ್ಲಿ ಉಳಿಯುತ್ತದೆ. ‘ಹಿರಿಯರು ಹೇಳಿದಂತೆ’ ಎಂಬ ಪೀಠಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಕುಂಬಳೆಯ ಒಬ್ಬ ತಾಯಿ:
ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ, ಅವಳಿಗೂ ಇದೇ ಕಷ್ಟವಿತ್ತು. ಅವಳ ಟೀಚರ್ ಒಂದು ಕ್ರಮವನ್ನು ಹೇಳಿಕೊಟ್ಟಿದ್ದಾರೆ. ಮೊದಲು ‘ಗಾದೆಗಳು ವೇದಗಳಿಗೆ ಸಮಾನ’ ಎಂದು ಆರಂಭಿಸಬೇಕು, ಆಮೇಲೆ ಗಾದೆಯ ಅರ್ಥವನ್ನು ಬಿಡಿಸಿ ಬರೆಯಬೇಕು, ನಂತರ ಒಂದು ಉದಾಹರಣೆ ಕೊಟ್ಟು, ಗಾದೆಯಿಂದ ಕಲಿಯುವ ನೀತಿಯೊಂದಿಗೆ ಮುಗಿಸಬೇಕು. ಹೀಗೆ ಬರೆದರೆ ಪೂರ್ಣ ಅಂಕ ಸಿಗುತ್ತದೆ. ನೀವೂ ಇದೇ ಕ್ರಮವನ್ನು ಹಿಡಿದು ನೋಡಬಹುದು.

ನೀರ್ಚಾಲಿನ ನಿವೃತ್ತ ಕನ್ನಡ ಅಧ್ಯಾಪಕ:
ಅಕ್ಕ ಹೇಳಿದ್ದು ಗಾದೆ ವಿಸ್ತರಣೆಯ ಕ್ರಮ, ಮತ್ತು ಪರೀಕ್ಷೆಗೆ ಅದು ಸರಿಯಾದದ್ದೇ. ತರಗತಿಯಲ್ಲಿ ನಾನೂ ಅದನ್ನೇ ಬರೆಸುತ್ತಿದ್ದೆ. ಆದರೆ ನಮ್ಮ ವೇದಿಕೆಗಳಲ್ಲಿ ಗಾದೆಗಳು ಸವೆಯಲು ಆ ಅಭ್ಯಾಸವೇ ದೊಡ್ಡ ಕಾರಣವೆಂದು ನಾನು ಈಗ ನಂಬುತ್ತೇನೆ. ಪ್ರಶ್ನೆಪತ್ರಿಕೆ ಗಾದೆಯನ್ನು ಕೊಟ್ಟು ಅರ್ಥವನ್ನು ಕೇಳುತ್ತದೆ. ಸಭೆಯಲ್ಲಿ ಕುಳಿತವರು ಯಾರೂ ನಮ್ಮಲ್ಲಿ ಅರ್ಥವನ್ನು ಕೇಳಿರುವುದಿಲ್ಲ. ಹಾಗಿದ್ದೂ ನಾವು ಶಾಲೆಯಲ್ಲಿ ಬರೆದು ರೂಢಿಯಾದಂತೆ ಗಾದೆಯನ್ನು ಮೊದಲು ಹೇಳಿ, ಅದರ ಅರ್ಥವನ್ನು ವಿವರಿಸಿ, ಕೊನೆಯಲ್ಲಿ ವ್ಯಕ್ತಿಯ ಹೆಸರನ್ನು ಅದಕ್ಕೆ ಅಂಟಿಸುತ್ತೇವೆ.

ಭಾಷಣದಲ್ಲಿ ಕ್ರಮ ತಿರುಗಬೇಕು. ಕಣ್ಣಿಗೆ ಕಾಣುವ ಒಂದು ಘಟನೆ ಮೊದಲು ಬರಬೇಕು, ಗಾದೆ ಅದರ ಬೆನ್ನಿಗೆ ಬರಬೇಕು, ಗಾದೆಯ ನಂತರ ಅರ್ಥ ಬಿಡಿಸುವ ಒಂದು ಪದವೂ ಇರಬಾರದು. ಸರಿಯಾದ ಜಾಗದಲ್ಲಿ ಕುಳಿತಿದೆಯೇ ಎಂದು ತಿಳಿಯಲು ನಾನು ಮನೆಯಲ್ಲೇ ಒಂದು ಪರೀಕ್ಷೆ ಮಾಡುತ್ತೇನೆ. ಗಾದೆಯ ಹಿಂದಿನ ವಾಕ್ಯದವರೆಗೆ ಯಾರಿಗಾದರೂ ಓದಿ ಹೇಳಿ, ಅಲ್ಲಿ ನಿಲ್ಲಿಸಿ, ಮುಂದೇನು ಬರುತ್ತದೆ ಎಂದು ಕೇಳುತ್ತೇನೆ. ಅವರು ಥಟ್ಟನೆ ಗಾದೆಯನ್ನು ಹೇಳಿಬಿಟ್ಟರೆ, ಹಿಂದಿನ ವಾಕ್ಯವೇ ಗಾದೆಯ ಕೆಲಸವನ್ನು ಮಾಡಿ ಮುಗಿಸಿದೆ ಎಂದರ್ಥ. ಅಲ್ಲಿ ‘ಸರಳ’, ‘ನಿಗರ್ವಿ’, ‘ಆಡಂಬರವಿಲ್ಲದ’ ಎಂಬಂತಹ ಪದ ಇದ್ದೇ ಇರುತ್ತದೆ, ಅದನ್ನು ಹೊಡೆದುಹಾಕಬೇಕು. ಊಹಿಸಲಾಗದೆ, ಗಾದೆಯನ್ನು ಕೇಳಿದ ಮೇಲೆ ‘ಹೌದಲ್ಲ’ ಎಂದರೆ ಅದು ಕುಳಿತಿದೆ. ಕೇಳಿದ ಮೇಲೂ ಸಂಬಂಧ ಹೊಳೆಯದಿದ್ದರೆ ಆರಿಸಿದ ಘಟನೆಯೇ ಬೇರೆ ಗಾದೆಗೆ ಸೇರಿದ್ದು.

ಮಂಜೇಶ್ವರದ ತಮ್ಮ ಪೀಠಿಕೆಯ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಅಪರೂಪದ ಗಾದೆಯ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. ಪುಸ್ತಕದ ಓದುಗನಿಗೆ ಪುಟವನ್ನು ಹಿಂದೆ ತಿರುಗಿಸುವ ಅವಕಾಶವಿದೆ, ಕೇಳುಗನಿಗಿಲ್ಲ. ಕೇಳರಿಯದ ಗಾದೆ ಬಂದರೆ ಅವನು ಅದನ್ನು ಬಿಡಿಸುತ್ತ ಕುಳಿತು ಮುಂದಿನ ಎರಡು ವಾಕ್ಯಗಳನ್ನು ಕಳೆದುಕೊಳ್ಳುತ್ತಾನೆ, ಅದನ್ನು ಗಮನಿಸಿದ ಭಾಷಣಕಾರ ಅರ್ಥ ಹೇಳಲು ತೊಡಗುತ್ತಾನೆ, ಅಲ್ಲಿಗೆ ನಾವು ಮತ್ತೆ ಪರೀಕ್ಷೆಯ ಉತ್ತರಪತ್ರಿಕೆಗೆ ಮರಳುತ್ತೇವೆ. ಗಾದೆ ಎಲ್ಲರಿಗೂ ಗೊತ್ತಿರುವುದು ಒಂದು ಬಲ. ಅರ್ಧ ಹೇಳಿ ನಿಲ್ಲಿಸಿದರೂ ಸಭೆ ಅದನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುತ್ತದೆ. ತಾಳಮದ್ದಳೆಯ ಅರ್ಥಧಾರಿಗಳು ಈ ಉಪಾಯವನ್ನು ಎಷ್ಟೋ ಸಲ ಬಳಸುವುದನ್ನು ಕೇಳಿದ್ದೇನೆ.

ಇನ್ನು, ನೀವು ಗಾದೆಯನ್ನು ಮಾತ್ರ ಬರೆದಿದ್ದೀರಿ. ಮಾಸ್ಟರರು ಏನು ಮಾಡಿದ್ದನ್ನು ಕಂಡು ಅದು ನೆನಪಾಯಿತೆಂದು ಬರೆದಿಲ್ಲ. ಅದನ್ನು ತಿಳಿಸಿ.

ಪೆರ್ಲದ ಅಡಿಕೆ ಕೃಷಿಕ:
ನನ್ನದೂ ಒಂದು ಅನುಭವವಿದೆ, ಇದು ಬೇರೆ ರೀತಿಯದು. ಒಂದು ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಗುಣಮಟ್ಟದ ಬಗ್ಗೆ ಮಾತನಾಡುತ್ತಿದ್ದೆ. ಚಾಲಿ ಅಡಿಕೆಯ ಗೋಣಿಯ ಅಡಿಯಲ್ಲಿ ಕೀಳು ದರ್ಜೆಯ ಕರಿಗೋಟು ಸೇರಿಸಿದರೆ ಊರಿನ ಹೆಸರೇ ಕೆಡುತ್ತದೆ ಎಂದು ಹೇಳಿ, ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದೆ. ಗಾದೆ ಸರಿಯಾಗಿಯೇ ಕುಳಿತಿತ್ತು. ಆದರೆ ಹಿಂದಿನ ವಾರವಷ್ಟೇ ಒಬ್ಬ ಸದಸ್ಯರ ಗೋಣಿಯನ್ನು ಖರೀದಿ ಕೇಂದ್ರದಿಂದ ವಾಪಸು ಕಳುಹಿಸಿದ್ದರೆಂದು ನನಗೆ ತಿಳಿದಿರಲಿಲ್ಲ. ಅವರು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಸಭೆಯ ಕಣ್ಣೆಲ್ಲ ಅವರ ಕಡೆಗೆ ಹೋಯಿತು, ಅವರು ಎದ್ದು ಹೊರಟರು. ಮರುದಿನ ಅವರ ಮನೆಗೆ ಹೋಗಿ ಮಾತನಾಡಿದೆ, ಆದರೆ ಹೇಳಿದ ಗಾದೆಯನ್ನು ಹಿಂದೆ ತೆಗೆದುಕೊಳ್ಳುವುದು ಸಾಧ್ಯವಾಗಲಿಲ್ಲ.

ಆದ್ದರಿಂದ ನಿಮ್ಮ ಗಾದೆಗೂ ಈ ಪ್ರಶ್ನೆಯನ್ನು ಕೇಳಿಕೊಳ್ಳಿ. ಒಬ್ಬರು ತುಂಬಿದ ಕೊಡವಾದರೆ ತುಳುಕುವ ಕೊಡ ಯಾರು? ಹೊಸ ಮುಖ್ಯೋಪಾಧ್ಯಾಯರೂ ನಿಮಗಿಂತ ಮೊದಲು ಅರ್ಧ ಗಂಟೆ ಮಾತನಾಡಿದವರೂ ವೇದಿಕೆಯ ಮೇಲೇ ಇರುತ್ತಾರೆ.

ಪ್ರಶ್ನೆ ಕೇಳಿದವರು:
ಮಾಸ್ಟರರ ಬಗ್ಗೆ ನನ್ನ ಮನಸ್ಸಿನಲ್ಲಿರುವ ಘಟನೆ ಇದು. ಕೆಲವು ವರ್ಷಗಳ ಹಿಂದೆ ಎರಡನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ಮನೆಮಾತು ಮಲಯಾಳ, ಕನ್ನಡದ ಅಕ್ಷರ ತಿಳಿಯದು. ಆ ವರ್ಷವಿಡೀ ಮಧ್ಯಾಹ್ನದ ಊಟದ ನಂತರ ಮಾಸ್ಟರರು ಅವನ ಪಕ್ಕದ ಪುಟ್ಟ ಬೆಂಚಿನಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಕುಳಿತು, ಅವನಿಗೆ ಓದಲು ಕಲಿಸಿದರು. ನಮ್ಮ ಸಂಘದ ಯಾವ ಸಭೆಯಲ್ಲೂ ಇದನ್ನು ಹೇಳಲಿಲ್ಲ. ಹುಡುಗನ ತಾಯಿ ಹೇಳಿದ ಮೇಲೆಯೇ ನಮಗೆ ಗೊತ್ತಾಯಿತು.

ಮುಳ್ಳೇರಿಯದ ಒಬ್ಬ ಹಿರಿಯ ಗೃಹಿಣಿ:
ನಾನು ಭಾಷಣ ಮಾಡಿದವಳಲ್ಲ, ಆದರೆ ಕೊಡದಲ್ಲಿ ನೀರು ಹೊತ್ತವಳು. ನೀರಿಗಾಗಿ ತೋಟದ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಕೊಡಕ್ಕೆ ಹಿಡಿದು, ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಮನೆಗೆ ತರುತ್ತಿದ್ದೆವು. ಕೊಡದ ಹೊಟ್ಟೆ ಅಗಲ, ಕಂಠ ಕಿರಿದು. ಅರ್ಧ ತುಂಬಿಸಿದರೆ ನೀರಿಗೆ ಹೊಟ್ಟೆಯ ಅಗಲದಲ್ಲಿ ಆಡಲು ಜಾಗ ಸಿಗುತ್ತದೆ, ಹೆಜ್ಜೆ ಹೆಜ್ಜೆಗೂ ಸದ್ದು ಮಾಡುತ್ತದೆ. ಕಂಠದವರೆಗೆ ತುಂಬಿಸಿದರೆ ಜಾಗವಿಲ್ಲ, ಸದ್ದೂ ಇಲ್ಲ, ಭಾರ ಮಾತ್ರ ಸೊಂಟಕ್ಕೆ ಗೊತ್ತಾಗುತ್ತದೆ. ಆದರೆ ಬಾಯಿಯ ಅಂಚಿನವರೆಗೆ ತುಂಬಿಸಿದರೆ ಚೆಲ್ಲಿಯೇ ಚೆಲ್ಲುತ್ತದೆ, ಅದಕ್ಕೇ ನಮ್ಮಮ್ಮ ನೀರಿನ ಮೇಲೆ ಒಂದು ಹಲಸಿನ ಎಲೆಯನ್ನು ಹಾಕುತ್ತಿದ್ದರು. ಹಾಗಾಗಿ ಈ ಗಾದೆ ಪೂರ್ತಿ ಸತ್ಯವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನೊಂದು ಮಾತು. ಆ ಹುಡುಗನ ವಿಷಯವನ್ನು ಸಭೆಯಲ್ಲಿ ಹೇಳುವ ಮೊದಲು ತಾಯಿಯ ಒಪ್ಪಿಗೆ ಕೇಳಿ.

ನೀರ್ಚಾಲಿನ ನಿವೃತ್ತ ಕನ್ನಡ ಅಧ್ಯಾಪಕ:
ಅಕ್ಕನವರ ಮಾತಿನಿಂದ ನನಗೇ ಹೊಸದೊಂದು ತಿಳಿಯಿತು. ಈ ಗಾದೆಯನ್ನು ಹೇಳುವ ನಮ್ಮಲ್ಲಿ ಹೆಚ್ಚಿನವರಿಗೆ ಈಗ ಕೊಡವೇ ಕಾಣುವುದಿಲ್ಲ, ‘ವಿನಯ’ ಎಂಬ ಅರ್ಥ ಮಾತ್ರ ಕಾಣುತ್ತದೆ. ಗಾದೆ ಸವೆಯುವುದೆಂದರೆ ಇದೇ. ಕೊಡವನ್ನು ಮತ್ತೆ ಸೊಂಟದ ಮೇಲಿಟ್ಟರೆ ಗಾದೆಗೆ ಜೀವ ಬರುತ್ತದೆ. ಅರ್ಧ ಕೊಡದ ಸದ್ದನ್ನು ಬಳಸಬಾರದು, ಅದು ಪೆರ್ಲದವರು ಎಚ್ಚರಿಸಿದಂತೆ ಯಾರ ಮೇಲಾದರೂ ಬಿದ್ದೀತು. ಭಾರವನ್ನು ಬಳಸಬಹುದು, ಅದರಿಂದ ಯಾರಿಗೂ ನೋವಾಗದು. ನಾನಾದರೆ ಹೀಗೆ ಹೇಳುತ್ತೇನೆ:

“ಒಂದು ವರ್ಷ ಪೂರ್ತಿ, ಊಟದ ಗಂಟೆ ಮುಗಿದ ಮೇಲೆ, ಎರಡನೆಯ ತರಗತಿಯ ಪುಟ್ಟ ಬೆಂಚಿನಲ್ಲಿ ಮಾಸ್ಟರರು ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತಿದ್ದರು. ಅವನಿಗೆ ಕನ್ನಡ ಬಾರದು. ವರ್ಷದ ಕೊನೆಗೆ ಅವನು ಪಾಠವನ್ನು ಓದಿದ. ಆ ವರ್ಷ ನಮ್ಮ ಸಂಘದ ಎಲ್ಲ ಸಭೆಗಳಿಗೂ ಮಾಸ್ಟರರು ಬಂದಿದ್ದರು. ಛಾವಣಿಯ ಹೆಂಚಿನ ಬಗ್ಗೆ, ಬಿಸಿಯೂಟದ ಬಗ್ಗೆ ಮಾತನಾಡಿದ್ದರು. ಬೆಂಚಿನ ಸುದ್ದಿ ಎತ್ತಲಿಲ್ಲ. ಸುರಂಗದಿಂದ ನೀರು ಹೊತ್ತು ಮೆಟ್ಟಿಲು ಹತ್ತಿದ ತಾಯಂದಿರು ಇಲ್ಲಿದ್ದೀರಿ. ಭಾರ ಎಷ್ಟೆಂದು ಹೊತ್ತ ಸೊಂಟಕ್ಕೆ ಮಾತ್ರ ಗೊತ್ತು. ತುಂಬಿದ ಕೊಡ…”

ಇಲ್ಲಿ ನಿಲ್ಲಿಸಿ, ಮಾಸ್ಟರರ ಕಡೆಗೆ ತಿರುಗಿ. ಎರಡು ಉಸಿರಿನಷ್ಟು ಹೊತ್ತು ಕಾಯಿರಿ. ಸಭೆಯಿಂದ ಯಾರಾದರೂ ಪೂರ್ತಿ ಮಾಡಿದರೆ ನೀವು ಮತ್ತೆ ಹೇಳಬೇಡಿ. ಯಾರೂ ಹೇಳದಿದ್ದರೆ, ತಗ್ಗಿದ ದನಿಯಲ್ಲಿ ‘ತುಳುಕುವುದಿಲ್ಲ’ ಎಂದು ಮುಗಿಸಿ ಮುಂದಿನ ವಿಷಯಕ್ಕೆ ಹೋಗಿ. ‘ಅದರಂತೆಯೇ ನಮ್ಮ ಮಾಸ್ಟರರು’ ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದೇ ಬರುತ್ತದೆ, ಅದನ್ನು ನುಂಗಿಕೊಳ್ಳಬೇಕು. ಐದು ನಿಮಿಷದಲ್ಲಿ ಬೇರೆ ಗಾದೆ ಬೇಡ.

ಮಲಯಾಳದಲ್ಲಿಯೂ ಇದೇ ಗಾದೆ ಇದೆ, ‘ನಿರಕುಡಂ ತುಳುಂಬಿಲ್ಲ’. ಆ ತಾಯಿ ಎದುರಿಗಿದ್ದರೆ, ಅರ್ಧ ಗಾದೆಯನ್ನು ಕನ್ನಡದಲ್ಲಿ ಹೇಳಿ, ಅವರ ಕಡೆಗೆ ನೋಡಿ, ಉಳಿದರ್ಧವನ್ನು ‘ತುಳುಂಬಿಲ್ಲ’ ಎಂದು ಮುಗಿಸಬಹುದು. ಎರಡು ಭಾಷೆಗಳ ಪದ ಇಷ್ಟು ಹತ್ತಿರ ಇರುವಾಗ ಅನುವಾದದ ಅಗತ್ಯವೇ ಬೀಳುವುದಿಲ್ಲ.

ಮಂಜೇಶ್ವರದ ಪದವಿ ವಿದ್ಯಾರ್ಥಿ:
ಮಾಸ್ಟರರೇ, ಅಪರೂಪದ ಗಾದೆಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿಕೊಂಡೆ. ಆದರೆ ಕೊನೆಯ ಸಲಹೆಯನ್ನು ಒಪ್ಪಲು ಆಗುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ ನಮ್ಮ ಊರಿನಲ್ಲಿ ಕನ್ನಡ ಮಾತನಾಡುವ ಜಾಗಗಳು ಕಡಿಮೆಯಾಗುತ್ತಲೇ ಬಂದಿವೆ. ಕನ್ನಡ ಶಾಲೆಯ ಬೀಳ್ಕೊಡುಗೆಯಲ್ಲಿ, ಭಾಷಣದ ಮುಖ್ಯ ಸಾಲನ್ನೇ ಮಲಯಾಳದಲ್ಲಿ ಮುಗಿಸಬೇಕೆ? ಆ ಹುಡುಗ ಕನ್ನಡ ಓದಲು ಕಲಿತನೆಂಬುದೇ ಅಲ್ಲವೇ ಘಟನೆಯ ತಿರುಳು?

ನೀರ್ಚಾಲಿನ ನಿವೃತ್ತ ಕನ್ನಡ ಅಧ್ಯಾಪಕ:
ತಮ್ಮಾ, ನಿನ್ನ ಕಾಳಜಿ ನನಗೂ ಇದೆ. ಕನ್ನಡ ಕಲಿಸಿದವರಿಗೆ ಮಲಯಾಳದ ತಾಯಿಯೊಬ್ಬಳ ಮಾತಿನಲ್ಲಿ ಗೌರವ ಸಲ್ಲುವುದು ಕನ್ನಡಕ್ಕೆ ಕುಂದಲ್ಲವೆಂದು ನನಗೆ ತೋರುತ್ತದೆ. ಆದರೆ ಆ ಸಭೆಯನ್ನು ಬಲ್ಲವರು ಭಾಷಣ ಮಾಡುವವರು, ತೀರ್ಮಾನವೂ ಅವರದೇ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಮನೆಯಲ್ಲಿ ಓದಿ ಪರೀಕ್ಷಿಸಿದೆ. ನನ್ನ ಹಳೆಯ ಪ್ರತಿಯಲ್ಲಿ ‘ಸರಳ ಸಜ್ಜನಿಕೆಯ’ ಎಂಬಲ್ಲಿಗೆ ಬರುವಷ್ಟರಲ್ಲಿ ಮಗಳು ಗಾದೆಯನ್ನು ಹೇಳಿಬಿಟ್ಟಳು. ಹೊಸದರಲ್ಲಿ ‘ಸೊಂಟಕ್ಕೆ ಮಾತ್ರ ಗೊತ್ತು’ ಎಂಬವರೆಗೆ ಸುಮ್ಮನಿದ್ದಳು. ‘ತುಂಬಿದ ಕೊಡ’ ಎಂದು ನಿಲ್ಲಿಸಿದಾಗ ಒಳಗಿನಿಂದ ನನ್ನ ತಾಯಿ ‘ತುಳುಕುವುದಿಲ್ಲ’ ಎಂದರು. ಮಲಯಾಳದ ವಿಷಯದಲ್ಲಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಒಪ್ಪಿಗೆ ಕೇಳಲು ಭಾನುವಾರ ಹುಡುಗನ ಮನೆಗೆ ಹೋಗುತ್ತಿದ್ದೇನೆ, ಆ ಸಾಲನ್ನು ಎರಡೂ ರೀತಿಯಲ್ಲಿ ಅವನ ತಾಯಿಯ ಮುಂದೆಯೇ ಓದಿ ನೋಡುತ್ತೇನೆ.